ತಾಮ್ರಕ್ಕೆ ಸುತ್ತಿದ್ದ ಕಾಗದ

ಹಳೆಯ ಕ್ರಯಪತ್ರ, ತಾಮ್ರಶಾಸನ ನೋಡಿ ಅಸಲಿಯೋ ನಕಲಿಯೋ ಹೇಳುವುದು ನನ್ನ ಕೆಲಸ. ಬೇಲೂರು, ಹಳೇಬೀಡಿನ ಎಷ್ಟೋ ಮನೆಗಳ ಪೆಟ್ಟಿಗೆ ನನಗಾಗಿ ತೆರೆದಿವೆ. ಗಂಡಸಿಯ ನಮ್ಮ ತವರಿನ ಪೆಟ್ಟಿಗೆಯನ್ನು ಮಾತ್ರ ದೊಡ್ಡಪ್ಪ ಮುಟ್ಟಗೊಟ್ಟಿರಲಿಲ್ಲ. ತೆಂಗಿನ ತೋಟ ರಾಜರು ಕೊಟ್ಟಿದ್ದು, ಪೆಟ್ಟಿಗೆಯಲ್ಲಿರುವ ತಾಮ್ರಶಾಸನವೇ ಅದಕ್ಕೆ ಸಾಕ್ಷಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು ಅವರು. ಹೋದ ವರ್ಷ ಮಠದವರು ತಮ್ಮ ಹೊಸ ವಸ್ತುಸಂಗ್ರಹಾಲಯಕ್ಕೆ ಶಾಸನ ಕೇಳಿದಾಗ ಹಿಗ್ಗಿ ಹೀರೇಕಾಯಿಯಾದರು. ಮಠದವರು ಬರುವ ಹಿಂದಿನ ದಿನ ನನ್ನನ್ನು ಕರೆಸಿದರು.

ನಾನು ಹೋಗುವಷ್ಟರಲ್ಲಿ ದೊಡ್ಡಮ್ಮ ಶಾಸನ ಉಜ್ಜಲು ಹುಣಸೆಹಣ್ಣು ನೆನೆಸಿ ಕೂತಿದ್ದರು.

"ಅದನ್ನ ಒಳಗಿಡಿ ದೊಡ್ಡಮ್ಮ!" ಎಂದು ಕೂಗಿಯೇಬಿಟ್ಟೆ.

"ಪ್ರತಿ ಯುಗಾದಿಗೂ ಉಜ್ತೀವಲ್ಲೇ" ಎಂದರು ಪಾಪ.

ಮಡಿಸಿ ಸುತ್ತಿದ್ದ ಕಾಗದ ತೆಗೆದು ನೋಡಿದರೆ, ಉಜ್ಜಿ ಉಜ್ಜಿ ತಾಮ್ರದ ಹಸಿರು ಕಿಲುಬೆಲ್ಲ ಹೋಗಿತ್ತು. ಬಣ್ಣ ನೋಡಿ ವಯಸ್ಸು ಹೇಳುವಂತಿರಲಿಲ್ಲ. ಕೈಗವಸು ಹಾಕಿ ಶಾಸನದ ತಗಡನ್ನು ಓರೆ ಬೆಳಕಿಗೆ ಹಿಡಿದೆ. ಎಲ್ಲ ಕಡೆ ಒಂದೇ ದಪ್ಪ, ಎಲ್ಲೂ ಸುತ್ತಿಗೆ ಬಿದ್ದ ಗುರುತಿಲ್ಲ. ಕಾರ್ಖಾನೆಯ ತಗಡು. ತಗಡು ಪೋಣಿಸಿದ ಬಳೆಗೆ ರಾಜಮುದ್ರೆಯನ್ನು ತವರದ ಬೆಸುಗೆ ಹಾಕಿ ಅಂಟಿಸಿದ್ದರು; ಹಳೆಯ ಶಾಸನದಲ್ಲಿ ಎರಕ ಹೊಯ್ದಿರುತ್ತಾರೆ. ಬೇರೆಯವರ ಮನೆಯಲ್ಲಿ ನಕಲಿ ಎನ್ನಲು ನನ್ನ ನಾಲಿಗೆ ಎಂದೂ ತಡವರಿಸಿದ್ದಿಲ್ಲ.

"ರಾಜರ ಕಾಲದ್ದಲ್ಲ ದೊಡ್ಡಪ್ಪ. ಯಾರೋ ಆಮೇಲೆ ಮಾಡಿಸಿದ್ದು."

ಅವರು ಎದ್ದು ಜಗಲಿಗೆ ಹೋಗಿ ಕೂತರು. ತಗಡನ್ನು ಮತ್ತೆ ಸುತ್ತಿಡಲು ಬದಿಗಿಟ್ಟಿದ್ದ ಆ ಕಾಗದ ಎತ್ತಿಕೊಂಡೆ. ಒಂದು ಮೂಲೆಯಲ್ಲಿ ಉಬ್ಬುಮುದ್ರೆ ಬೆರಳಿಗೆ ಸಿಕ್ಕಿತು. ಕೂಡಲೇ ಗವಸು ತೆಗೆದು, ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಬಂದೆ. ಹಳೆಯ ಕಾಗದಕ್ಕೆ ಗವಸಿಗಿಂತ ಒಣ ಬೆರಳೇ ವಾಸಿ. ಅಗಲವಾದ ರಟ್ಟಿನ ಮೇಲಿಟ್ಟು ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದೆ. ಅದು ಹಳೆಯ ಮೈಸೂರು ಸರ್ಕಾರದ ಛಾಪಾ ಕಾಗದ. ಬೆಳಕಿಗೆ ಹಿಡಿದರೆ ಒಳಗೆ ನೀರಚ್ಚು ಕಂಡಿತು. ಕಪ್ಪು ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಮಡಿಕೆಯ ಮೇಲೆ ಹಾದ ಅಕ್ಷರ ಎಲ್ಲೂ ಒಡೆದು ಹರಡಿರಲಿಲ್ಲ; ಅಂದರೆ ಮಡಿಸುವ ಮೊದಲೇ ಬರೆದದ್ದು. ಹಿಂಬದಿಯಲ್ಲಿ ನೋಂದಣಿಯ ಮೊಹರು.

ನಮ್ಮ ತೋಟದ್ದೇ ಕ್ರಯಪತ್ರ! ಕೊಂಡವಳು ದೊಡ್ಡಪ್ಪನ ಅಜ್ಜಿ. ಕಸುಬು, ಕೊಬ್ಬರಿ ವ್ಯಾಪಾರ. ಕೆಳಗೆ ಆಕೆಯ ಹೆಬ್ಬೆಟ್ಟು.

ಜಗಲಿಗೆ ಒಯ್ದು ಓದಿ ಹೇಳಿದೆ. ಅರಸೀಕೆರೆ ಸಂತೆಗೆ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ ಆಕೆಯ ವಿಷಯ ಮನೆಯಲ್ಲಿ ಯಾರೂ ದೊಡ್ಡದು ಮಾಡಿ ಹೇಳಿದ್ದಿಲ್ಲ. ಆಕೆಯ ಹೆಸರಿದ್ದ ಸಾಲನ್ನು ಹೆಮ್ಮೆಯಿಂದ ಮತ್ತೊಮ್ಮೆ ಓದಿದೆ. ದೊಡ್ಡಪ್ಪ ಮುಟ್ಟಲು ಕೈ ಚಾಚಿ, ಅಂಗೈಗೆ ಹತ್ತಿದ್ದ ತಲೆಯೆಣ್ಣೆ ನೋಡಿಕೊಂಡು ಹಿಂದೆಗೆದರು.

ಮರುದಿನ ಮಠದವರು ಬಂದು ಶಾಸನ ಎಲ್ಲಿ ಎಂದರು.

"ಆ ತಾಮ್ರ ಸುಳ್ಳು ಕಣ್ರೀ" ಎಂದರು ದೊಡ್ಡಪ್ಪ, ಎದೆ ಸೆಟೆಸಿ. "ರಾಜ ಯಾರೂ ಕೊಡ್ಲಿಲ್ಲ. ನಮ್ಮಜ್ಜಿ ಕೊಂಡ್ಕೊಂಡವ್ಳೆ. ಹೋಗಿ, ಕೈ ತೊಳ್ಕೊಂಡು ಬನ್ನಿ. ತೋರಿಸ್ತೀನಿ."