ಮಾವ ನೋಡಿದ ಬೇರೆ ಸಿನಿಮಾ

ನನ್ನ ಸೋದರಮಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದವರು. ನಿವೃತ್ತರಾಗುವ ಹೊತ್ತಿಗೆ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯ ಹತ್ತಿರ ಬಾಯಿಟ್ಟು ನಿಧಾನವಾಗಿ ಹೇಳಿದರೆ ಮಾತ್ರ ಕೇಳುತ್ತಿತ್ತು. ಕಿವಿಗೆ ಮಷಿನ್ ಹಾಕಿಸಿದ್ದೂ ಆಯಿತು. ಅದು ಸೀಟಿ ಹೊಡೆಯುತ್ತದೆ ಎಂದು ತೆಗೆದು ಕಪಾಟಿನಲ್ಲಿಟ್ಟರು. ಟೀವಿ ಅವರಿಗೆ ಬರೀ ಬಾಯಿ ಆಡಿಸುವ ಮುಖಗಳ ಪೆಟ್ಟಿಗೆಯಾಗಿತ್ತು.

ಸಬ್‌ಟೈಟಲ್ ಹಾಕಿಕೊಂಡು ಸಿನಿಮಾ ನೋಡುವ ದಾರಿ ತೋರಿಸಿದವಳು ನಾನೇ. ಶಿವಮೊಗ್ಗದಲ್ಲಿ ನಾನಿದ್ದ ಸಿನಿಮಾ ಗೆಳೆಯರ ಬಳಗದವರು ತಿಂಗಳಿಗೊಂದು ಹೊರದೇಶದ ಚಿತ್ರ ತೋರಿಸುತ್ತಿದ್ದರು. ಅಲ್ಲಿಂದ ಆರು ಚಿತ್ರ ತಂದು ನನ್ನ ಹಳೆಯ ಲ್ಯಾಪ್‌ಟಾಪಿಗೆ ಹಾಕಿದೆ. ಸಬ್‌ಟೈಟಲ್ ಫೈಲುಗಳು ಸಿಗುವ ವೆಬ್‌ಸೈಟಿನಿಂದ ಒಂದೊಂದಕ್ಕೂ ಕನ್ನಡದ ಫೈಲು ಇಳಿಸಿದೆ. ಭದ್ರಾವತಿಯ ನ್ಯೂ ಟೌನಿನ ಅವರ ಮನೆಗೆ ಲ್ಯಾಪ್‌ಟಾಪನ್ನೇ ಒಯ್ದು ಟೀವಿಗೆ ವೈರು ಸಿಕ್ಕಿಸಿ, ಯಾವ ಬಟನ್ ಒತ್ತಬೇಕೆಂದು ಕಲಿಸಿಕೊಟ್ಟೆ. ತೆರೆಯ ಮೇಲೆ ಕನ್ನಡ ಸಾಲು ಮೂಡಿದ್ದೇ ಮಾವ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿ ಕುಳಿತರು.

"ಅಂತೂ ನನಗೂ ಒಂದು ಸಿನಿಮಾ ಮಾಡಿದ್ರು ಮಾರಾಯ್ತಿ," ಎಂದರು.

ನಾನು ಕೆಲಸ ಮಾಡುವುದು ಶಿವಮೊಗ್ಗದ ಒಂದು ಮುದ್ರಣಾಲಯದಲ್ಲಿ, ಪ್ರೂಫ್ ತಿದ್ದುವವಳಾಗಿ. ಮದುವೆ ಪತ್ರಿಕೆಯಲ್ಲಿ ಒಂದು ಕೊಂಬು ತಪ್ಪಿದರೂ ಹಿಡಿಯುತ್ತೇನೆ. ಅಂಥ ನಾನು ಮಾವನಿಗೆ ಕೊಟ್ಟ ಆ ಫೈಲುಗಳ ಒಂದು ಸಾಲನ್ನೂ ಓದಿರಲಿಲ್ಲ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಯಾವುದಿತ್ತೋ ಅದನ್ನು ಒತ್ತಿದ್ದೆ, ಅಷ್ಟೆ.

ಎರಡು ವಾರದ ಮೇಲೆ ಮಾವನ ಮಗಳು ಫೋನ್ ಮಾಡಿದಳು. ಅವಳು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದಾಳೆ, ನನಗಿಂತ ಐದು ವರ್ಷ ಚಿಕ್ಕವಳು.

"ಅಕ್ಕಾ, ಅಪ್ಪಂಗೆ ಏನೋ ಆಗ್ತಿದೆ. ನೀನು ಕೊಟ್ಟಿದ್ಯಲ್ಲ, ಆ ಟರ್ಕಿ ಸಿನಿಮಾ, ಟೀ ಅಂಗಡಿ ಅಣ್ಣಂದು? ಅದರ ಕತೆ ಹೇಳಿದ್ರು. ಒಂದಕ್ಕೊಂದು ಸಂಬಂಧಾನೇ ಇಲ್ಲ."

ಆ ಚಿತ್ರವನ್ನು ಬಳಗದ ಪ್ರದರ್ಶನದಲ್ಲಿ ನಾವಿಬ್ಬರೂ ಇಂಗ್ಲಿಷ್ ಸಬ್‌ಟೈಟಲಿನಲ್ಲಿ ನೋಡಿದ್ದೆವು. ಗುಡ್ಡದೂರಿನಲ್ಲಿ ಟೀ ಅಂಗಡಿ ಇಟ್ಟವನೊಬ್ಬನ ತಂಗಿ ಕಾರ್ಖಾನೆಯ ಕೆಲಸ ಕಳೆದುಕೊಂಡು ಊರು ಬಿಟ್ಟು ಹೋಗುತ್ತಾಳೆ. ಅಣ್ಣ ಕಾಯುತ್ತಾನೆ. ಅವಳು ಬರುವುದಿಲ್ಲ. ಇಷ್ಟೇ ಕತೆ.

"ಅಪ್ಪ ಏನಂದ್ರು ಗೊತ್ತಾ? ಅವನ ತಮ್ಮನ್ನ ಕಾರ್ಖಾನೆಯವರು ಗುಂಡು ಹೊಡೆದು ಕೊಂದ್ರಂತೆ. ಹೆಂಡ್ತಿ ಊರು ಬಿಟ್ಟಿದ್ದಾಳಂತೆ, ವಾಪಸ್ ಬರ್ತಾಳಂತೆ. ತಮ್ಮನೇ ಇಲ್ಲ ಅಕ್ಕಾ ಅದರಲ್ಲಿ! ನಾನು ಅಲ್ಲ ಅಂದ್ರೆ ಸಿಟ್ಟು ಮಾಡ್ಕೊಂಡ್ರು."

ನನ್ನ ಅಜ್ಜಿ, ಎಂದರೆ ಮಾವನ ತಾಯಿ, ಕೊನೆಯ ವರ್ಷಗಳಲ್ಲಿ ಎಲ್ಲ ಮರೆತಿದ್ದರು. ನಾವಿಬ್ಬರೂ ಆ ಮಾತೆತ್ತಲಿಲ್ಲ. ಇಬ್ಬರಿಗೂ ನೆನಪಾದದ್ದು ಮಾತ್ರ ಅದೇ.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಇನ್ನೆರಡು ಚಿತ್ರಗಳ ಕತೆ ಕೇಳಿದಳು, ಅವೂ ತಲೆಬುಡವಿಲ್ಲದೆ ಬಂದವು. ಅತ್ತೆ ಸ್ಕೂಟರಿನ ಕೀಲಿ ತೆಗೆದು ಅಕ್ಕಿ ಡಬ್ಬದಲ್ಲಿಟ್ಟರು. ಶಿವಮೊಗ್ಗದಲ್ಲಿ ನರರೋಗದ ಡಾಕ್ಟರ ಹತ್ತಿರ ಕರೆದೊಯ್ದದ್ದು ನಾನೂ ಅವಳೂ ಸೇರಿ. ಡಾಕ್ಟರು ಮಾಸ್ಕ್ ಹಾಕಿಕೊಂಡೇ ಪ್ರಶ್ನೆ ಕೇಳಿದರು. ತುಟಿ ಕಾಣದೆ, ದನಿ ಕೇಳದೆ, ಮಾವ ಇವತ್ತು ಯಾವ ವಾರ ಎಂದದ್ದಕ್ಕೆ ತಮ್ಮ ವಯಸ್ಸು ಹೇಳಿದರು. ಮಗಳು ನನ್ನ ಮುಖ ನೋಡಿದಳು. ನಾನು ಅವರ ಎಡಗಿವಿಗೆ ಬಾಗಿ ಮತ್ತೆ ಹೇಳುವಷ್ಟರಲ್ಲಿ ಡಾಕ್ಟರು ಏನೋ ಬರೆದುಕೊಂಡಾಗಿತ್ತು. ಸದ್ಯಕ್ಕೆ ಖಚಿತವಾಗಿ ಹೇಳಲಾಗದು, ಕಿವಿ ಸರಿಮಾಡಿಸಿಕೊಂಡು ಮತ್ತೆ ಬನ್ನಿ, ಅಲ್ಲಿಯವರೆಗೆ ಗಮನವಿಡಿ ಎಂದರು. ವಾಪಸ್ಸು ಬರುವಾಗ ಮಾವ ಕಾರಿನ ಕಿಟಕಿಯಿಂದ ಮುಖ ಹೊರಳಿಸಲೇ ಇಲ್ಲ.

ಮುಂದಿನ ಭಾನುವಾರ ನಾನೊಬ್ಬಳೇ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಅತ್ತೆ ಅಡುಗೆಮನೆಯಲ್ಲಿದ್ದರು. ಮಾವ ಅದೇ ಟರ್ಕಿ ಚಿತ್ರವನ್ನು ಹಾಕಿಕೊಂಡು, ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಏನೋ ಗುರುತು ಹಾಕುತ್ತಿದ್ದರು. ನನ್ನನ್ನು ನೋಡಿದ್ದೇ ಚಿತ್ರ ನಿಲ್ಲಿಸಿದರು.

"ಇದು ಮೂರನೇ ಸಲ ನೋಡ್ತಿರೋದು. ನೀನೇ ಓದು. ನಾನು ತಪ್ಪು ಓದ್ತಿದೀನಾ ಹೇಳು."

ತೆರೆಯ ಮೇಲೆ ಟೀ ಅಂಗಡಿಯವನ ಮುಖವಿತ್ತು. ಕೆಳಗೆ ಬರೆದಿತ್ತು: "ನನ್ನ ಸಹೋದರನನ್ನು ಕಾರ್ಖಾನೆಯಿಂದ ಗುಂಡು ಹಾರಿಸಲಾಯಿತು."

ನಾನು ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಮುಂದಕ್ಕೆ ಓಡಿಸಿದೆ. ಅಣ್ಣ ಗೆಳೆಯನೊಂದಿಗೆ ಮಾತಾಡುವ ದೃಶ್ಯ. ಒಂದು ಸಾಲು ಬಂತು: "ನಾನು ಯೋಚಿಸುವುದಿಲ್ಲ." ಅದು ಹೋಗಿ ಇನ್ನೊಂದು: "ಅವಳು ಹಿಂತಿರುಗುತ್ತಿದ್ದಾಳೆ." ಅದರ ಬೆನ್ನಿಗೇ: "ಅವನು ನನಗೆ ಪತ್ರ ಬರೆಯಲಿಲ್ಲ."

"ನೀವು ಓದಿದ್ದು ಸರಿಯಾಗೇ ಇದೆ ಮಾವ," ಎಂದು ಅವರ ಕಿವಿಯ ಬಳಿ ಕೂಗಿದೆ. "ಬರೆದಿರೋದೇ ತಪ್ಪು."

ಅವರು ನಂಬಲಿಲ್ಲ. ತಮ್ಮನ್ನು ಸಮಾಧಾನ ಮಾಡಲು ಬಂದವಳು ಎಂಬಂತೆ ನನ್ನನ್ನು ನೋಡಿದರು. ಅಚ್ಚಾಗಿ ಬಂದದ್ದು ತಪ್ಪಿರಬಹುದು ಎಂಬುದು ಅವರ ಕಾಲದವರ ತಲೆಗೆ ಸುಲಭವಾಗಿ ಹೋಗುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಆ ಸಬ್‌ಟೈಟಲ್ ಫೈಲನ್ನೇ ನೋಟ್‌ಪ್ಯಾಡಿನಲ್ಲಿ ತೆರೆದೆ. ಅದು ಬರೀ ಅಕ್ಷರಗಳ ಫೈಲು: ಸಾಲಿನ ಸಂಖ್ಯೆ, ಯಾವ ಕ್ಷಣದಿಂದ ಯಾವ ಕ್ಷಣದವರೆಗೆ ಎಂಬ ಸಮಯ, ಅದರ ಕೆಳಗೆ ಮಾತು. ಬಳಗದವರು ಕೊಟ್ಟಿದ್ದ ಇಂಗ್ಲಿಷ್ ಫೈಲನ್ನು ಪಕ್ಕದಲ್ಲಿ ತೆರೆದು, ಸಮಯಕ್ಕೆ ಸಮಯ ಹೊಂದಿಸಿಕೊಂಡು ಪ್ರೂಫ್ ಓದುವ ಹಾಗೆ ಓದಿದೆ. ಓದುತ್ತಾ ಓದುತ್ತಾ ನನ್ನ ಮೇಲೇ ಮೈಯುರಿಯಿತು. ಇದನ್ನು ಮನುಷ್ಯರು ಬರೆದೇ ಇರಲಿಲ್ಲ. ಕೆಲಸದಿಂದ ತೆಗೆದರು ಎಂಬುದಕ್ಕೆ ಇಂಗ್ಲಿಷಿನಲ್ಲಿರುವ "ಫೈರ್ಡ್" ಎಂಬ ಮಾತನ್ನು ಯಂತ್ರ ಗುಂಡು ಹಾರಿಸಿದರು ಎಂದು ಮಾಡಿತ್ತು. ಅವಳು ಬರುತ್ತಾಳೆಂದು ನನಗನಿಸುವುದಿಲ್ಲ ಎಂಬ ಒಂದೇ ವಾಕ್ಯ ಇಂಗ್ಲಿಷಿನಲ್ಲಿ ಎರಡು ಸಾಲಾಗಿ ಒಡೆದಿತ್ತು. ಯಂತ್ರ ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಅನುವಾದಿಸಿ, "ಇಲ್ಲ"ವನ್ನು ಮೊದಲ ತುಂಡಿನಲ್ಲೇ ಬಿಟ್ಟು ಬಂದಿತ್ತು. ಕನ್ನಡದಲ್ಲಿ ಇಲ್ಲ ಎಂಬುದು ಕೊನೆಗೆ ಬರಬೇಕಲ್ಲ. ತಂಗಿಯೇ ಇಲ್ಲದ ಆ ಕತೆಯಲ್ಲಿ ಊರು ಬಿಟ್ಟ "ಅವಳು" ಮಾವನಿಗೆ ಹೆಂಡತಿಯಾಗಿದ್ದಳು.

ತಂಗಿ ತಮ್ಮನಾದದ್ದು ಹೇಗೆಂದು ಬಳಗದ ಗೆಳತಿಯೊಬ್ಬಳಿಗೆ ಫೋನ್ ಮಾಡಿ ಕೇಳಿದೆ. ಅವಳು ಒಂದಷ್ಟು ಟರ್ಕಿ ಭಾಷೆ ಕಲಿತಿದ್ದಳು.

"ಅವರಲ್ಲಿ ಅವನು, ಅವಳು ಎರಡಕ್ಕೂ ಒಂದೇ ಪದ ಕಣೆ. ತಮ್ಮ, ತಂಗಿಗೂ ಒಂದೇ. ನಮ್ಮ ಇಂಗ್ಲಿಷ್ ಫೈಲಿಂದಲ್ಲ, ಟರ್ಕಿಯಿಂದ ಮಷಿನ್ನೇ ಮಾಡಿದ ಇನ್ಯಾವುದೋ ಇಂಗ್ಲಿಷಿಂದ ಕನ್ನಡ ಮಾಡಿರ್ಬೇಕು. ಮಷಿನ್ನಿಗೆ ಮುಖ ಕಾಣಲ್ವಲ್ಲ, ಅದು ತನಗೆ ತೋಚಿದ್ದು ಹಾಕುತ್ತೆ. ವೆಬ್‌ಸೈಟಲ್ಲಿ ಫೈಲಿನ ಪಕ್ಕ, ಇದು ಮಷಿನ್ ಮಾಡಿದ್ದು ಅಂತ, ಒಂದು ಪುಟ್ಟ ರೋಬೋ ಗುರುತು ಇರುತ್ತೆ, ನೋಡಿಲ್ವಾ?"

ನೋಡಿರಲಿಲ್ಲ. ಈಗ ಹೋಗಿ ನೋಡಿದರೆ ಎದ್ದು ಕಾಣುವಂತೆ ಇತ್ತು. ಆದರೆ ಎಲ್ಲ ಕಡೆಯೂ ಆ ಗುರುತು ಪ್ರಾಮಾಣಿಕವಾಗಿರುತ್ತದೆ ಎಂದೇನಿಲ್ಲ. ಮಾವನಿಗೆ ಕೊಟ್ಟ ಆರು ಚಿತ್ರಗಳಲ್ಲಿ ನಾಲ್ಕರ ಫೈಲು ಯಂತ್ರದ್ದೇ ಎಂದು ಓದಿ ಕಂಡುಕೊಂಡೆ. ಗುರುತಿದ್ದದ್ದು ಮಾತ್ರ ಎರಡಕ್ಕೆ. ಗುರುತಿಲ್ಲದ ಎರಡರಲ್ಲಿ ತಾಯಿ ಮಗನಿಗೆ ಒಂದು ಸಾಲಿನಲ್ಲಿ ನೀನು, ಮರುಸಾಲಿನಲ್ಲಿ ನೀವು ಎನ್ನುತ್ತಿದ್ದಳು. ಯಾವ ತಾಯಿ ಹಾಗೆ ಮಾತಾಡುತ್ತಾಳೆ!

ಸಂಜೆ ಮಾವನ ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು, "ಅದು ಸರಿ ಅಕ್ಕಾ, ಆದ್ರೆ ಡಾಕ್ಟರ ಹತ್ರ ವಾರ ಕೇಳಿದ್ರೆ ವಯಸ್ಸು ಹೇಳಿದ್ರಲ್ಲ?" ಎಂದಳು.

"ಅವರಿಗೆ ಕೇಳಿಸಲಿಲ್ಲ ಕಣೆ!"

"ಇರಬಹುದು. ನೀನು ಸಿನಿಮಾ ಕೊಟ್ಟಿದ್ದಕ್ಕೆ ಹೀಗಂತಿದೀಯಾ."

ಫೋನಿಟ್ಟು ಅತ್ತುಬಿಟ್ಟೆ. ಒಮ್ಮೆ ಒಬ್ಬರ ತಲೆಯ ಮೇಲೆ ಅನುಮಾನ ಬಿದ್ದರೆ ಅದನ್ನು ಎತ್ತಿ ಕೆಳಗಿಡಲು ಎಷ್ಟು ಜನರ ಕೈ ಬೇಕೋ!

ಲ್ಯಾಪ್‌ಟಾಪನ್ನು ಜೊತೆಗೆ ತಂದು, ಆ ವಾರವೆಲ್ಲ ಶಿವಮೊಗ್ಗದ ವಿನೋಬನಗರದ ನನ್ನ ಮನೆಯಲ್ಲಿ ಕುಳಿತು ಒಳ್ಳೆಯ ಫೈಲು ಹುಡುಕಿದೆ. ಟರ್ಕಿ ಚಿತ್ರಕ್ಕೆ ಇನ್ನೊಂದು ಕನ್ನಡ ಫೈಲು ಪಟ್ಟಿಯ ತೀರಾ ಕೆಳಗಿತ್ತು. ಹಳೆಯದು, ಇಳಿಸಿಕೊಂಡವರು ಬೆರಳೆಣಿಕೆಯಷ್ಟು. ಅದಕ್ಕೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈ ಸಲ ಮೊದಲು ನೋಟ್‌ಪ್ಯಾಡಿನಲ್ಲಿ ತೆರೆದೆ. ಅಣ್ಣ ತಂಗಿಗೆ ಉದ್ದಕ್ಕೂ ನೀನು, ಗಿರಾಕಿಗೆ ನೀವು. ಗೆಳೆಯನೊಂದಿಗೆ ಮಾತಾಡುವ ದೃಶ್ಯದಲ್ಲಿ "ಅವಳು ಬರ್ತಾಳೆ ಅಂತ..." ಎಂದು ಒಂದು ಸಾಲು, "ನನಗೇನೂ ಅನ್ಸಲ್ಲ" ಎಂದು ಇನ್ನೊಂದು. ವಾಕ್ಯವನ್ನು ಎಲ್ಲಿ ಮುರಿಯಬೇಕೆಂದು ಗೊತ್ತಿದ್ದವರು ಬರೆದದ್ದು. ಹಾಡಿನ ಸಾಲುಗಳನ್ನೂ ಬಿಟ್ಟಿರಲಿಲ್ಲ. ಕೊನೆಯಲ್ಲಿ, ತಪ್ಪು ಕಂಡರೆ ದಯವಿಟ್ಟು ತಿಳಿಸಿ ಎಂದಿತ್ತು.

ಖುಷಿಯಿಂದ ಹಾಕಿ ನೋಡಿದರೆ ಇನ್ನೊಂದು ಕಾಟ. ಪಾತ್ರ ಬಾಯಿ ತೆರೆಯುವ ಮೊದಲೇ ಸಾಲು ಬಂದು ಹೋಗುತ್ತಿತ್ತು. ನಮ್ಮ ಪ್ರತಿಯ ಮೊದಲಲ್ಲಿ ಯಾವುದೋ ಲಾಂಛನ ನಾಲ್ಕು ಸೆಕೆಂಡು ಹೆಚ್ಚಿಗೆ ಇತ್ತು. ಆ ಫೈಲು ಮಾಡಿದವರ ಪ್ರತಿಯಲ್ಲಿ ಅದಿರಲಿಲ್ಲವೆಂದು ಕಾಣುತ್ತದೆ. ಪ್ಲೇಯರಿನ ಸೆಟ್ಟಿಂಗಿನಲ್ಲಿ ಸಬ್‌ಟೈಟಲನ್ನು ನಾಲ್ಕು ಸೆಕೆಂಡು ತಡಮಾಡಿದೆ. ಮಧ್ಯದಲ್ಲಿ, ಕೊನೆಯಲ್ಲಿ ಪರೀಕ್ಷಿಸಿದೆ, ಎಲ್ಲ ಕಡೆಯೂ ಮಾತಿಗೆ ಸರಿಯಾಗಿ ಕೂತಿತ್ತು. ಉಳಿದ ಮೂರಕ್ಕೆ ಒಳ್ಳೆಯ ಕನ್ನಡ ಸಿಗಲೇ ಇಲ್ಲ. ಅವನ್ನು ಲ್ಯಾಪ್‌ಟಾಪಿನಿಂದ ಅಳಿಸಿದೆ.

ಭಾನುವಾರ ಮಾವನ ಮಗಳನ್ನು ಬಲವಂತದಿಂದ ಕರೆದುಕೊಂಡು ನ್ಯೂ ಟೌನಿಗೆ ಹೋದೆ. ಮೊದಲು ಯಂತ್ರದ ಫೈಲಿನಲ್ಲಿ ಇಪ್ಪತ್ತು ನಿಮಿಷ ತೋರಿಸಿದೆ. ಟೀವಿಯ ಸದ್ದನ್ನು ಮೊದಲೇ ಪೂರ್ತಿ ತೆಗೆದಿದ್ದೆ.

"ಈಗ ಬರೀ ಇಲ್ಲಿ ಓದಿದ್ದರಿಂದ ಕತೆ ಹೇಳು," ಎಂದೆ.

ಅವಳು ತಡವರಿಸಿದಳು. "ಯಾರಿಗೋ ಗುಂಡು... ಅಲ್ಲ, ಅವಳು..." ಎಂದು ನಿಲ್ಲಿಸಿ ಅಪ್ಪನ ಕಡೆ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಹೋದರು.

ಆಮೇಲೆ ಒಳ್ಳೆಯ ಫೈಲಿನಲ್ಲಿ ಮೊದಲಿಂದ ಹಾಕಿದೆವು. ಮಾವ ನೋಟ್‌ಬುಕ್ ಮುಟ್ಟಲಿಲ್ಲ. ಕೊನೆಯ ದೃಶ್ಯದಲ್ಲಿ ಅಣ್ಣ ಅಂಗಡಿಯ ಬಾಗಿಲು ಹಾಕುತ್ತಿದ್ದಾಗ ಅವರು ಮುಂದಕ್ಕೆ ಬಾಗಿದರು.

"ಹಾಗಾದ್ರೆ ಅವಳು ಬರೋದೇ ಇಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಿಮಗೆಲ್ಲ ಅನುಮಾನ ಬಂತು, ಬರ್ಲಿ. ನನಗೇ ಬಂದಿತ್ತು ಮಾರಾಯ್ತಿ. ಅಮ್ಮಂಗೆ ಆದ ಹಾಗೆ ನನಗೂ ಆಯ್ತು ಅಂತ ದಿನಾ ಎದ್ದು ಎಲ್ಲರ ಹೆಸರು ಹೇಳ್ಕೊಂಡು ನೋಡ್ತಿದ್ದೆ. ಕೊಡೋ ಮುಂಚೆ ನೀನು ಒಂದು ಪುಟ ಓದಬಾರದಿತ್ತಾ?"

ಮಗಳು ಅವರ ಎಡಗಡೆಗೆ ಸರಿದು, ಕಿವಿಯ ಹತ್ತಿರ "ತಪ್ಪಾಯ್ತು ಅಪ್ಪಾ" ಎಂದಳು. ಅವರಿಗೆ ಕೇಳಿಸಿತೋ ಇಲ್ಲವೋ, ತಲೆಯಾಡಿಸಲಿಲ್ಲ.

ಸ್ಕೂಟರಿನ ಕೀಲಿಯನ್ನು ಅತ್ತೆ ಅಂದೇ ಕೊಡಲಿಲ್ಲ. ಕಿವಿಗೆ ಹೊಸ ಮಷಿನ್ ಬಂದು, ಮತ್ತೆ ಡಾಕ್ಟರ ಹತ್ತಿರ ಹೋಗಿ, ಎಲ್ಲ ಸರಿಯಿದೆ ಎನಿಸಿಕೊಂಡು ಬಂದ ಮೇಲೆ ಕೊಟ್ಟರು. ಅಷ್ಟರಲ್ಲಿ ಎರಡು ತಿಂಗಳು ಕಳೆದಿದ್ದವು. ಮಾವ ನನ್ನೊಂದಿಗೆ ಮೊದಲಿನಂತೆ ಮಾತಾಡುತ್ತಾರೆ. ಆದರೆ ನಾನು ಸಿನಿಮಾ ಒಯ್ದರೆ ಮೊದಲು ಫೈಲನ್ನು ತೆರೆಸಿ, ತಾವೇ ಕನ್ನಡಕ ಹಾಕಿಕೊಂಡು ಮೂವತ್ತು ಸಾಲು ಓದುತ್ತಾರೆ. ಹೋದ ತಿಂಗಳು ಒಯ್ದದ್ದನ್ನು ಹನ್ನೊಂದನೇ ಸಾಲಿಗೇ ವಾಪಸ್ಸು ಕೊಟ್ಟರು.