ಟ್ಯಾಂಕಿ ತನಕ ಹೋಗಿ ಬರುವ ಸಿಟ್ಟು

ಗಂಗಾವತಿಯಿಂದ ಸಿದ್ದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನವರೊಬ್ಬರು ಮೊಣಕಾಲಿಗೆ ನೋವಿನ ಮುಲಾಮು ತಿಕ್ಕಿಕೊಂಡರು. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಕುಷ್ಟಗಿಯ ನಮ್ಮ ಹಳೆಯ ಓಣಿ ಕಣ್ಣ ಮುಂದೆ ಬಂತು. ಪಕ್ಕದ ಮನೆಯ ಪಿ.ಟಿ. ಮಾಸ್ತರರು ಬಂದರೆಂದರೆ ಮೊದಲು ಈ ವಾಸನೆ ಬರುತ್ತಿತ್ತು, ಆಮೇಲೆ ಅವರು ಬರುತ್ತಿದ್ದರು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಾನು ಹುಟ್ಟಾ ಚಿಂತೆಯ ಮನುಷ್ಯ. ಕುಕ್ಕರ್ ಸೀಟಿ ಹೊಡೆಯದಿದ್ದರೂ ಚಿಂತೆ, ಹೊಡೆದರೆ ಇನ್ನೂ ಚಿಂತೆ. ಗೋಡೆಯಾಚೆ ಮಾಸ್ತರರ ದನಿ ಏರಿದರೆ ನನ್ನ ಮನೆಯಲ್ಲಿ ನನ್ನ ಎದೆ ಡವಡವ ಎನ್ನುತ್ತಿತ್ತು. ಮೈದಾನದಲ್ಲಿ ಅವರು ಕೂಗಿದರೆ ಬಸ್ ಸ್ಟ್ಯಾಂಡಿಗೆ ಕೇಳುತ್ತದೆ ಎನ್ನುವವರಿದ್ದರು. ಆದರೆ ಮನೆಯಲ್ಲಿ ದನಿ ಏರುವ ಹೊತ್ತಿಗೆ ಅವರು ತಾವೇ ಅದನ್ನು ಹಿಡಿದು ನಿಲ್ಲಿಸುತ್ತಿದ್ದರು.

"ಕಿವಿ ಬಿಸಿ ಆಗ್ಯಾವ. ಹೋಗಿ ಬರ್ತೀನಿ. ಬಂದು ಮಾತಾಡ್ತೀನಿ."

ಹೆಂಡತಿಗೆ ಇಷ್ಟು ಹೇಳಿ, ಚಪ್ಪಲಿ ಮೆಟ್ಟಿ, ಓಣಿಯ ಕೊನೆಯ ನೀರಿನ ಟ್ಯಾಂಕಿನ ಕಡೆ ಹೊರಡುತ್ತಿದ್ದರು. ಬಾಗಿಲು ದಢ್ ಎಂದು ಹಾಕುತ್ತಿರಲಿಲ್ಲ. ಟ್ಯಾಂಕಿನ ಸುತ್ತ ನಿಧಾನವಾಗಿ ಸುತ್ತು ಹೊಡೆದು, ಉಸಿರು ಉದ್ದಕ್ಕೆ ಬಿಟ್ಟು, ತಿರುಗಿ ಬರುತ್ತಿದ್ದರು. ಬಂದವರು ನೀರು ಕುಡಿದು, ನಿಂತಲ್ಲೇ ಅಲ್ಲ, ಕುಳಿತು ಮಾತಾಡುತ್ತಿದ್ದರು. ಅದೂ ಒಂದೇ ಮಾತು, ಅವತ್ತಿನದು. "ನನಗ ಕೇಳದ ನಿಮ್ಮ ತಮ್ಮಗ ಗಾಡಿ ಕೊಟ್ಟದ್ದಕ್ಕ ಸಿಟ್ಟು ಬಂತು. ಮುಂದ ಒಂದು ಮಾತು ಹೇಳಿ ಕೊಡು." ಹೋದ ವರ್ಷದ ಲೆಕ್ಕ, ಅತ್ತೆಯ ಮನೆಯ ಚರಿತ್ರೆ ಒಂದೂ ಬರುತ್ತಿರಲಿಲ್ಲ. ಆಮೇಲೆ ಅವರ ಹೆಂಡತಿಯ, ಅಂದರೆ ನಮ್ಮ ವೈನಿಯ ಸರದಿ. ಅವರೇನು ಕಡಿಮೆಯಲ್ಲ. "ನೀವು ಮನಿಯಾಗ ಇದ್ರ ಕೇಳ್ತಿದ್ನಿ. ಫೋನ್ ಹಚ್ಚಿದ್ರ ಎತ್ತೀರೇನು?" ಮಾಸ್ತರರು ಅದನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಎಷ್ಟೋ ಸಲ ಕೊನೆಗೆ ಇಬ್ಬರೂ ನಗುತ್ತಿದ್ದರು.

ಒಮ್ಮೆ ನಾನು ದೊಡ್ಡ ಶಾಣ್ಯಾನಂತೆ ಸಲಹೆ ಕೊಟ್ಟೆ: "ಸರ್ರ, ಅಷ್ಟು ದೂರ ಯಾಕ ಹೋಗ್ತೀರಿ? ಹಿತ್ತಲದಾಗ ಕಟ್ಟಿಗಿ ಒಡದ್ರ ಸಿಟ್ಟು ಖಾಲಿ ಆಗ್ತದಲ್ಲ?"

"ಖಾಲಿ ಆಗಂಗಿಲ್ಲ ತಮ್ಮಾ, ರೂಢಿ ಆಗ್ತೈತಿ. ನಮ್ಮಪ್ಪ ಮೊದಲು ಬಾಗಿಲಕ್ಕ ಹೊಡೀತಿದ್ದ. ಆಮ್ಯಾಲೆ ನಮಗ."

ಇನ್ನೊಂದು ಮಾತನ್ನೂ ಹೇಳಿದರು. ಮಗಳು ಸಣ್ಣವಳಿದ್ದಾಗ ಒಮ್ಮೆ ಇವರ ಕೈ ಮೇಲೇರಿತಂತೆ. ಹೊಡೆಯಲಿಲ್ಲ. ಆದರೆ ಆ ಕೂಸು ಅಳಲಿಲ್ಲ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಳಿತಿತಂತೆ. ಅವತ್ತು ಶುರುವಾದದ್ದು ಈ ನಡಿಗೆ. "ಟ್ಯಾಂಕಿ ತನಕ ಹೋಗೂದು ದೊಡ್ಡದಲ್ಲ. ಹೋಗ್ತಾ ಮನಸಿನಾಗ ಅದೇ ಜಗಳ ಆಡಬಾರದು, ಅದು ದೊಡ್ಡದು. ಅದಕ್ಕ ನಾ ಯಾರ ಮಾಳಗಿ ಮ್ಯಾಲೆ ಏನು ಒಣ ಹಾಕ್ಯಾರ ನೋಡಕೋತ ಹೋಗ್ತೀನಿ. ಮತ್ತ ತಿರುಗಿ ಬಂದು ಮಾತಾಡಲಿಲ್ಲಂದ್ರ... ಅದು ಸಿಟ್ಟು ನುಂಗಿದಂಗ. ನುಂಗಿದ್ದು ಎಲ್ಲೆರ ಹೊರಗ ಬರಾಕ ಬೇಕಲ್ಲ."

ನಾನೂ ಪ್ರಯತ್ನಿಸಿದೆ. ನನ್ನ ಹೆಂಡತಿ ಹಿಂದಿನಿಂದ, "ಹೆಂಗೂ ಹೊಂಟೀರಿ, ಬರೂಮುಂದ ಕೊತಂಬ್ರಿ ತರ್ರಿ" ಎಂದಳು. ಕೊತ್ತಂಬರಿ ತರುವಷ್ಟರಲ್ಲಿ ಯಾತಕ್ಕೆ ಸಿಟ್ಟು ಬಂದಿತ್ತೆಂಬುದೇ ಮರೆತು, ಅದೊಂದು ಹೊಸ ಚಿಂತೆಯಾಯಿತು.

ಓಣಿ ಅವರಿಗೆ 'ಟ್ಯಾಂಕಿ ಮಾಸ್ತರ' ಎಂದು ಹೆಸರಿಟ್ಟಿತ್ತು. ಎದುರು ಮನೆಯಲ್ಲಿ ಊಟದ ತಾಟು ಅಂಗಳಕ್ಕೆ ಹಾರಿ ಬಂದು ಬಿದ್ದರೆ, "ಗಂಡಸಿಗೆ ಸಿಟ್ಟು ಬರೂದ ಬಿಡ್ರಿ" ಎನ್ನುತ್ತಿದ್ದ ಮಂದಿಯೇ, ಮಾಸ್ತರರು ಸುಮ್ಮನೆ ನಡೆದು ಹೋದರೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

ಮಾಸ್ತರರ ಮಗಳಿಗೆ ಸಿದ್ದಾಪುರದ ಕಡೆಯ ಗಂಡು ಗೊತ್ತಾಗುವ ಹೊತ್ತು. ಬೀಗರ ಕಡೆಯವರು ನಮ್ಮ ಕಡೆಯ ಪದ್ಧತಿಯಂತೆ ಮನೆತನದ ಬಗ್ಗೆ ಓಣಿಯಲ್ಲಿ ವಿಚಾರಿಸಿದರು. ಹಿಟ್ಟಿನ ಗಿರಣಿಯ ಮುಂದೆ ಕುಳಿತ ಯಾರೋ ಚೇಷ್ಟೆಗೆ, "ಮಾಸ್ತರ ಛಲೋ ಮನಷ್ಯಾ, ಸಿಟ್ಟು ಬಂದ್ರ ಮಾತ್ರ ಟ್ಯಾಂಕಿಗೆ ಪ್ರದಕ್ಷಿಣಿ ಹಾಕ್ತಾನ" ಎಂದರಂತೆ. ಆ ಮಾತು ಸಿದ್ದಾಪುರ ತಲುಪುವಷ್ಟರಲ್ಲಿ ಹುಡುಗಿಯ ತಂದೆಗೆ ತಲೆ ಸರಿಯಿಲ್ಲ ಎಂದಾಗಿತ್ತು. ಸಂಬಂಧ ತಪ್ಪುವುದರಲ್ಲಿತ್ತು. ಯಲಬುರ್ಗಾದಿಂದ ಮಾಸ್ತರರ ಅಣ್ಣ ಬಂದು ಬೀಗರ ಕೈಕಾಲು ಹಿಡಿದು ಸರಿಮಾಡಿದರು. ಇನ್ನು ಟ್ಯಾಂಕಿ ಸುತ್ತುವುದು ಬಂದ್ ಎಂದು ತಮ್ಮನಿಗೆ ಆಜ್ಞೆಯನ್ನೂ ಹೊರಡಿಸಿದರು. ವೈನಿ ಸಹ ಕಣ್ಣೀರು ತಂದರು. "ಮದುವಿ ಆಗೂತನಕ ಹೊರಗ ಹೋಗಬ್ಯಾಡ್ರಿ. ಕೈ ಮುಗೀತೀನಿ."

ಮಾಸ್ತರರು ಒಪ್ಪಿದರು. ಮಗಳ ಮದುವೆ ಎಂದರೆ ಯಾವ ತಂದೆ ಒಪ್ಪುವುದಿಲ್ಲ?

ಆಮೇಲೆ ಗೋಡೆಯಾಚೆ ಸದ್ದೇ ಇಲ್ಲವಾಯಿತು. ಆ ನಿಶ್ಶಬ್ದ ನನಗೆ ಕೂಗಾಟಕ್ಕಿಂತ ಹೆಚ್ಚು ಚಿಂತೆ ಹಚ್ಚಿತು. ಮಾಸ್ತರರು ಹಲ್ಲು ಕಚ್ಚಿಕೊಂಡು ಓಡಾಡುತ್ತಿದ್ದರು, ಅರ್ಧ ಊಟಕ್ಕೆ ಏಳುತ್ತಿದ್ದರು, ತಲೆಗೂ ಮುಲಾಮು ಹಚ್ಚತೊಡಗಿದರು. ಮಾತಾಡಿದರೆ ಚುಚ್ಚುಮಾತು. "ಇಲ್ಲಿ ನನ್ನ ಕೇಳೋರು ಯಾರದಾರ..." ವೈನಿ ಅದನ್ನೇ ಶಾಂತಿ ಎಂದುಕೊಂಡರು.

ಮದುವೆಯ ಚಪ್ಪರ ಹಾಕುವ ದಿನ ಮನೆ ತುಂಬ ನೆಂಟರು. ನಾನು ಕುರ್ಚಿ ಎಣಿಸುವ, ಅಂದರೆ ಚಿಂತೆ ಮಾಡುವ, ಕೆಲಸದಲ್ಲಿದ್ದೆ. ಊಟದ ಏರ್ಪಾಡನ್ನು ಅಣ್ಣ ಇವರಿಗೆ ಒಂದು ಮಾತೂ ಕೇಳದೆ ಬದಲಿಸಿದ್ದರು. ಮಾಸ್ತರರ ಕಿವಿ ಕೆಂಪೇರಿದ್ದು ನನಗೇ ಕಂಡಿತು. ಮಗಳಿಗೆ ಕಾಣದಿರುತ್ತದೆಯೆ? ಹತ್ತಿರ ಬಂದು ತೋಳು ಮುಟ್ಟಿ ಸಣ್ಣಗೆ ಹೇಳಿದಳು: "ಅಪ್ಪಾ, ಯಾರರ ಏನರ ಅನಲಿ. ನೀ ಟ್ಯಾಂಕಿ ತನಕ ಹೋಗಿ ಬಾ."

ಅವರು ಚಪ್ಪಲಿಗೆ ಕಾಲು ಹಾಕಿದರು. ಅಣ್ಣ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗಿ ಹೊಂಟಿಲೇ? ಬೀಗರ ಮುಂದ ಮತ್ತ ನಮ್ಮ ಮಾನ ಹರಾಜ ಹಾಕಾಕ? ಗಂಡಸಾಗಿ ಮನಿಯಾಗ ನಿಂದರಾಕ ಬರಂಗಿಲ್ಲೇನು?"

ಮಂದಿ ನಕ್ಕರು. ಮಗಳು ಮತ್ತೆ, "ದೊಡ್ಡಪ್ಪಾ, ಬಿಡು, ಹೋಗಲಿ" ಎಂದು ನಡುವೆ ಬಂದಳು. ಮಾಸ್ತರರ ಕೈ ಏರಿತು. ಅಣ್ಣನ ಮೇಲೆ ಬೀಳಲಿಲ್ಲ. ಹಾಗೆ ಬೀಳುವುದಿಲ್ಲವಲ್ಲ, ಯಾವ ಮನೆಯಲ್ಲೂ... ಹತ್ತಿರ ನಿಂತಿದ್ದ, ತಿರುಗಿ ಹೊಡೆಯದವಳ ಮೇಲೆ ಬಿತ್ತು. ಮದುಮಗಳ ಅರಿಸಿನದ ಕೆನ್ನೆ.

ಅಣ್ಣ ತಮ್ಮನ ಬೆನ್ನು ಚಪ್ಪರಿಸಿದರು. "ಈಗ ನೋಡು, ಮನಿ ಯಜಮಾನ ಆದಿ."

ಮದುವೆ ಚೆಂದವಾಗಿ ಆಯಿತು. ಮಗಳು ತಂದೆಯೊಡನೆ ಮಾತಾಡದೆ ಹೋದಳು. ಕೆಲವು ದಿನ ಬಿಟ್ಟು ಮಾಸ್ತರರು ಸಿದ್ದಾಪುರಕ್ಕೆ ಹೋಗಿ ಬಂದರು. ಏನು ಹೇಳಿದಿರಿ ಎಂದರೆ, "ಹೊಡದದ್ದು ತಪ್ಪು ಅಂದೆ. ಅಣ್ಣ ಕೆಣಕಿದ ಅಂತ ಹೇಳಲಿಲ್ಲ, ಸಿಟ್ಟು ನಂದು, ಕೈ ನಂದು. ನಿನಗ ಮಾತಾಡಬೇಕು ಅನಿಸಿದಾಗ ಮಾತಾಡು ಅಂದೆ" ಎಂದರು. ಅವಳು ಚಹಾ ಕೊಟ್ಟು ಒಳಗೆ ಹೋಗಿದ್ದಳಂತೆ. ಮುಂದೆ ನಾನು ವರ್ಗವಾಗಿ ಗಂಗಾವತಿಗೆ ಬಂದೆ. ಅವರು ತೀರಿಕೊಂಡ ಸುದ್ದಿ ಬಂದಾಗ ಮಣ್ಣಿಗೂ ಹೋಗಲಾಗಲಿಲ್ಲ...

ಬಸ್ಸಿಳಿದು ಸಿದ್ದಾಪುರದ ನೆಂಟರ ಹೊಸ ಮನೆಯ ವಾಸ್ತುಶಾಂತಿಗೆ ಹೋದರೆ, ಊಟದ ಪಂಕ್ತಿಯಲ್ಲಿ ಮಾಸ್ತರರ ಮಗಳೇ ಬಡಿಸುತ್ತ ಬಂದಳು. ಗುರುತು ಹಿಡಿದು, "ಕಾಕಾ, ಮನಿಗೆ ಬರ್ರಿ" ಎಂದು ಒತ್ತಾಯ ಮಾಡಿ ಕರೆದೊಯ್ದಳು. ದೊಡ್ಡ ಮನೆ, ಮುಂದೆ ಟ್ರ್ಯಾಕ್ಟರ್. ಅಪ್ಪನ ಮಾತು ತಾನಾಗಿಯೇ ತೆಗೆದಳು.

"ಒಂದಿನ ಮಾತಾಡಿದ್ರಾತು, ಎಲ್ಲಿ ಹೋಗ್ತಾನ ಅನಕೊಂಡಿದ್ನಿರಿ. ಹೋಗೇಬಿಟ್ಟ."

ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು, ನಿಮ್ಮನೆಯವರು ಹೇಗೆ, ಸಿಟ್ಟಿನವರಲ್ಲ ತಾನೆ ಎಂದು ಕೇಳಿದೆ. ಇಂಥ ಪ್ರಶ್ನೆಗಳು ನನ್ನ ಬಾಯಿಗೇ ಬರುತ್ತವೆ.

ಅವಳು ಗೋಡೆಗೆ ತೂಗು ಹಾಕಿದ ಸ್ಟೀಲ್ ತಾಟುಗಳ ಕಡೆ ನೋಡಿದಳು. ಒಂದರ ಅಂಚೂ ನೆಟ್ಟಗಿರಲಿಲ್ಲ.

"ಇಲ್ಲಿ ಸಿಟ್ಟು ಬಂದ್ರ ಯಾರೂ ಎದ್ದು ಹೊರಗ ಹೋಗಂಗಿಲ್ರಿ ಕಾಕಾ" ಎಂದಳು. "ಭಾಳ ಮರ್ಯಾದಸ್ತ ಮಂದಿ."