x ಮೇಲೆ ಬಿಟ್ಟುಹೋದ ಎರಡು

ಕೊಯಮತ್ತೂರಿನ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಹೋದ ವರ್ಷದ ಪ್ರಶ್ನೆಪತ್ರಿಕೆಯನ್ನು ಮೊನ್ನೆ ತೆಗೆದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು.

ಅಸಮ ವಿದ್ಯುತ್ ಕ್ಷೇತ್ರವೊಂದನ್ನು ಕೊಟ್ಟು, ಮೂಲಬಿಂದುವಿನಿಂದ (2,1)ರವರೆಗೆ ಅನುಕಲಿಸಿ ವಿಭವಾಂತರ ಕಂಡುಹಿಡಿಯಿರಿ, ಇನ್ನೊಂದು ದಾರಿಯಲ್ಲೂ ಅದೇ ಬರುತ್ತದೆಯೇ ನೋಡಿ ಎಂದು ಕೇಳಿದ್ದೆ. ಕ್ಷೇತ್ರದ x ಘಟಕ 2xy. y ಘಟಕ x² ಆಗಬೇಕಿತ್ತು; ನಾನು ಬರೀ x ಎಂದು ಟೈಪ್ ಮಾಡಿದ್ದೆ. ಸ್ಥಿರವಿದ್ಯುತ್ತಿನಲ್ಲಿ ಯಾವ ದಾರಿ ಹಿಡಿದರೂ ವಿಭವಾಂತರ ಒಂದೇ ಬರಬೇಕು; ಅಂಥ ಕ್ಷೇತ್ರ ಇರಲು ಸಾಧ್ಯವೇ ಇಲ್ಲ. ಮೊದಲು ಮೇಲಕ್ಕೆ ಹೋಗಿ ಆಮೇಲೆ ಅಡ್ಡ ಹೋದರೆ ವಿಭವ ನಾಲ್ಕು ವೋಲ್ಟ್ ಇಳಿಯುತ್ತದೆ. ಮೊದಲು ಅಡ್ಡ ಹೋದರೆ ಎರಡೇ.

ಹೆಚ್ಚಿನವರು ಒಂದು ದಾರಿಯಲ್ಲಿ ನಾಲ್ಕು ತಂದು, ಲೆಕ್ಕವೇ ಮಾಡದೆ ‘ಇನ್ನೊಂದರಲ್ಲೂ ಅಷ್ಟೇ’ ಎಂದು ಬರೆದಿದ್ದರು. ನಾನು ಬರೆದಿಟ್ಟುಕೊಂಡಿದ್ದ ಉತ್ತರವೂ ನಾಲ್ಕೇ ಇತ್ತು, ಪೂರ್ತಿ ಅಂಕ ಕೊಟ್ಟೆ. ಉಡುಮಲೈಪೇಟೆಯ ಒಬ್ಬಳು ಮಾತ್ರ ಎರಡೂ ದಾರಿ ಹಿಡಿದು, ಮತ್ತೆ ಮತ್ತೆ ಮಾಡಿ, ಐದು ಪುಟ ಹೊಡೆದುಹಾಕಿದ್ದಳು. ಅವಳಿಗೆ ಸೊನ್ನೆ ಹಾಕಿದವಳು ನಾನು. ಉಳಿದ ಪ್ರಶ್ನೆಗಳಿಗೆ ಅವಳಿಗೆ ಸಮಯವೇ ಸಿಕ್ಕಿರಲಿಲ್ಲ. ಆ ವರ್ಷವೇ ಓದು ಬಿಟ್ಟಳು.

ನಂಬರ್ ಹುಡುಕಿ ಫೋನ್ ಮಾಡಿದೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಳು. ಹಿಂದೆ ಹೊಲಿಗೆ ಯಂತ್ರಗಳ ಸದ್ದು. ತಪ್ಪು ನನ್ನದು ಎಂದೆ.

“ಆರ್ ಸಲ ಮಾಡ್ದೆ ಮೇಡಂ, ಎರಡೂ ಸೇರ್ಲೇ ಇಲ್ಲ. ನಂಗೆ ಲೆಕ್ಕ ಬರಲ್ಲಾಂತ ಅನ್ಕೊಂಡೆ.”

“ಎದ್ದು ಕೇಳಬಾರದಿತ್ತೇನಮ್ಮಾ?”



“ಕ್ವಶ್ಚನ್ ತಪ್ಪಿರುತ್ತೇಂತ ತೋಚ್ಲೇ ಇಲ್ಲ ಮೇಡಂ. ನೀವ್ ಬರ್ದಿದ್ದಲ್ವಾ.”